ಗ್ರೂಪ್ ಪ್ರೆಸೆಂಟೇಶನ್‌ಗೆ ಮಾರ್ಕ್ಸ್: ಯಾರಿಗೆ ಎಷ್ಟು?

ಪ್ರಶ್ನೆ: ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಲೆಕ್ಚರರ್ ಆಗಿ ಸೇರಿದ್ದೇನೆ. ಗ್ರೂಪ್ ಪ್ರೆಸೆಂಟೇಶನ್‌ಗೆ ಎಲ್ಲರಿಗೂ ಒಂದೇ ಮಾರ್ಕ್ಸ್ ಕೊಟ್ಟರೆ ಕೆಲಸ ಮಾಡಿದವರು ಬೇಜಾರಾಗ್ತಾರೆ, ಬೇರೆ ಬೇರೆ ಕೊಟ್ಟರೆ ಮಿಕ್ಕವರು ಜಗಳಕ್ಕೆ ಬರ್ತಾರೆ. ನೀವೆಲ್ಲ ಹೇಗೆ ಕೊಡ್ತೀರಿ?

ಉತ್ತರ:

ನಾನು ಗ್ರೂಪಿಗೆ ಒಂದು ಮಾರ್ಕ್ಸ್ ಕೊಡುತ್ತೇನೆ. ಅದರಲ್ಲಿ ಅರ್ಧ ಎಲ್ಲರಿಗೂ ಸಮ. ಉಳಿದ ಅರ್ಧವನ್ನು ಟೀಮಿನವರು ಒಬ್ಬರಿಗೊಬ್ಬರು ಕೊಟ್ಟ ಅಂಕಗಳ ಮೇಲೆ ಏರಿಸುತ್ತೇನೆ ಇಲ್ಲವೇ ಇಳಿಸುತ್ತೇನೆ. ಆ ಅಂಕಗಳು ನಿಜವೋ ಸುಳ್ಳೋ ಅಂತ ನೋಡುವುದಕ್ಕೆ ಪ್ರಶ್ನೋತ್ತರ.

ಬರೀ ಪ್ರೆಸೆಂಟೇಶನ್ ನೋಡಿ ಯಾರು ಕೆಲಸ ಮಾಡಿದ್ದಾರೆ ಅಂತ ಹೇಳೋಕೆ ಹೋಗಬೇಡಿ. ಅಲ್ಲಿ ಕಾಣುವುದು ಮಾತುಗಾರಿಕೆ ಮಾತ್ರ. ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗ ಹಿಂದಿನ ರಾತ್ರಿ ಸ್ಲೈಡ್ ಓದಿಕೊಂಡು ಬಂದು ಭರ್ಜರಿಯಾಗಿ ಮಾತಾಡುತ್ತಾನೆ. ಕೋಡ್ ಪೂರ್ತಿ ಬರೆದ ಹುಡುಗಿ ಮೂಲೆಯಲ್ಲಿ ನಿಂತು ಲ್ಯಾಪ್‌ಟಾಪ್ ಕ್ಲಿಕ್ ಮಾಡುತ್ತಿರುತ್ತಾಳೆ.

ಇಂಥ ಒಂದು ಟೀಮಿನ ಲೆಕ್ಕವನ್ನೇ ಮಾಡೋಣ. ನಾಲ್ಕು ಜನ. ಪ್ರಾಜೆಕ್ಟ್: ಅಪಾರ್ಟ್‌ಮೆಂಟ್ ಸಂಪಿನ ನೀರಿನ ಮಟ್ಟ ಅಳೆದು, ಟ್ಯಾಂಕರ್ ಕರೆಸುವ ಹೊತ್ತಿಗೆ ಮೆಸೇಜ್ ಕಳಿಸುವುದು. ಒಬ್ಬಳು ಕೋಡ್ ಮತ್ತು ಸೆನ್ಸರ್ ನೋಡಿಕೊಂಡಳು, ಒಬ್ಬ ರಿಪೋರ್ಟ್, ಒಬ್ಬ ಸ್ಲೈಡ್, ನಾಲ್ಕನೆಯವನು ನಮ್ಮ ಮಾತುಗಾರ. ಗ್ರೂಪಿಗೆ ನಾನು ಕೊಟ್ಟಿದ್ದು 50ಕ್ಕೆ 40 ಅಂದುಕೊಳ್ಳಿ.

ಪ್ರತಿಯೊಬ್ಬರಿಗೂ 30 ಅಂಕ ಕೈಗೆ ಕೊಟ್ಟು, ಉಳಿದ ಮೂವರಿಗೆ ಹಂಚಲು ಹೇಳಿ. ತನಗೆ ತಾನೇ ಹಾಕಿಕೊಳ್ಳುವ ಹಾಗಿಲ್ಲ. "ಎಲ್ಲರಿಗೂ ಹತ್ತಕ್ಕೆ ಎಷ್ಟು ಕೊಡ್ತೀರಿ" ಅಂತ ಕೇಳಿದರೆ ಎಲ್ಲರೂ ಎಲ್ಲರಿಗೂ 10 ಬರೆದು ಕೈ ತೊಳೆದುಕೊಳ್ಳುತ್ತಾರೆ. ಹಂಚಿ ಅಂದಾಗ ಒಬ್ಬರಿಗೆ ಜಾಸ್ತಿ ಕೊಡಬೇಕಾದರೆ ಇನ್ನೊಬ್ಬರಿಗೆ ಕಮ್ಮಿ ಮಾಡಲೇಬೇಕು. ಸ್ವಲ್ಪ ಯೋಚನೆ ಮಾಡುತ್ತಾರೆ.

ಕೋಡ್ ಹುಡುಗಿ ರಿಪೋರ್ಟ್‌ನವನಿಗೆ 13, ಸ್ಲೈಡ್‌ನವನಿಗೆ 11, ಮಾತುಗಾರನಿಗೆ 6 ಕೊಟ್ಟಳು. ರಿಪೋರ್ಟ್‌ನವನು ಅವಳಿಗೆ 13, ಸ್ಲೈಡ್‌ಗೆ 9, ಮಾತುಗಾರನಿಗೆ 8. ಸ್ಲೈಡ್‌ನವನು ಅವಳಿಗೆ 13, ರಿಪೋರ್ಟ್‌ಗೆ 10, ಮಾತುಗಾರನಿಗೆ 7. ಮಾತುಗಾರ ಎಲ್ಲರಿಗೂ ಹತ್ತತ್ತು. ಕೂಡಿದರೆ ಅವಳಿಗೆ 36, ರಿಪೋರ್ಟ್‌ಗೆ 33, ಸ್ಲೈಡ್‌ಗೆ 30, ಮಾತುಗಾರನಿಗೆ 21. ಸರಾಸರಿ 30 ತಾನೇ, ಅದರಿಂದ ಭಾಗಿಸಿ. ಬರುವ ಫ್ಯಾಕ್ಟರ್ 1.2, 1.1, 1.0, 0.7.

ಈಗ 40ರಲ್ಲಿ 20 ಎಲ್ಲರಿಗೂ ಖಾಯಂ. ಇನ್ನೊಂದು 20ನ್ನು ಅವರವರ ಫ್ಯಾಕ್ಟರ್‌ನಿಂದ ಗುಣಿಸಿ ಸೇರಿಸಿ:

```
20 + 20 × 1.2 = 44
20 + 20 × 1.1 = 42
20 + 20 × 1.0 = 40
20 + 20 × 0.7 = 34
```

ಹುಡುಗಿಗೂ ಮಾತುಗಾರನಿಗೂ 10 ಮಾರ್ಕ್ಸ್ ವ್ಯತ್ಯಾಸ. ಪೂರ್ತಿ 40ನ್ನೂ ಗುಣಿಸಿದ್ದರೆ 48 ಮತ್ತು 28 ಆಗುತ್ತಿತ್ತು. ಅದು ನನಗೆ ಅತಿ ಅನ್ನಿಸುತ್ತದೆ. ಅವನೂ ನಿಂತು ಪ್ರೆಸೆಂಟ್ ಮಾಡಿದ್ದಾನೆ, ಅದೂ ಕೆಲಸವೇ ಅಲ್ವಾ? ಇದು ನನ್ನ ಲೆಕ್ಕವೇನಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ವೆಬ್‌ಪಿಎ ಅನ್ನುವ ಸಾಫ್ಟ್‌ವೇರ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ನಮಗೆ ಗೂಗಲ್ ಫಾರ್ಮ್, ಎಕ್ಸೆಲ್ ಸಾಕು. ಯಾರಾದರೂ ಫಾರ್ಮ್ ತುಂಬದೇ ಇದ್ದರೆ ಮೊತ್ತ ಹಿಡಿಯಬೇಡಿ. ಬಂದಷ್ಟು ಫಾರ್ಮ್‌ಗಳ ಸರಾಸರಿ ತೆಗೆದು 10ರಿಂದ ಭಾಗಿಸಿ. ಇಲ್ಲದಿದ್ದರೆ ತುಂಬದವನೇ ಲಾಭ ಮಾಡಿಕೊಳ್ಳುತ್ತಾನೆ, ಯಾಕೆಂದರೆ ಅವನಿಗೆ ಮಾತ್ರ ಮೂರೂ ಫಾರ್ಮ್‌ಗಳಿಂದ ಅಂಕ ಬಂದಿರುತ್ತದೆ.

ಒಂದು ಎಚ್ಚರಿಕೆ. ಕೊನೆಯ ವರ್ಷದ ಪ್ರಾಜೆಕ್ಟ್‌ನ ಸಿಐಇಗೆ ಇದನ್ನು ತೂರಿಸಲು ಹೋಗಬೇಡಿ. ವಿಟಿಯು ಸ್ಕೀಮಿನಲ್ಲಿ ರಿಪೋರ್ಟ್, ಪ್ರೆಸೆಂಟೇಶನ್, ಪ್ರಶ್ನೋತ್ತರಕ್ಕೆ 50:25:25 ಅಂತ ಹಂಚಿಕೆ ಇದೆ, ರಿಪೋರ್ಟ್ ಮಾರ್ಕ್ಸ್ ಬ್ಯಾಚಿನ ಎಲ್ಲರಿಗೂ ಒಂದೇ ಇರಬೇಕು. ಅಲ್ಲಿ ವ್ಯತ್ಯಾಸ ಮಾಡಲು ನಿಮಗಿರುವುದು ಉಳಿದ ಅರ್ಧ ಮಾತ್ರ. ನಾನು ಹೇಳಿದ ಲೆಕ್ಕ ನೀವೇ ನಿಯಮ ಮಾಡುವ ಅಸೈನ್‌ಮೆಂಟ್‌ಗಳಿಗೆ. ಅದನ್ನೂ ಎಚ್ಒಡಿಗೆ ಮೊದಲೇ ತೋರಿಸಿ, ಸೆಮಿಸ್ಟರ್ ಶುರುವಲ್ಲೇ ಕ್ಲಾಸಿನಲ್ಲಿ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳ ಗ್ಯಾರಂಟಿ.

ಪ್ರಶ್ನೋತ್ತರದಲ್ಲಿ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಒಂದು ಅವರದೇ ಭಾಗದ ಮೇಲೆ, ಒಂದು ಪಕ್ಕದವರ ಭಾಗದ ಮೇಲೆ. ಸ್ಲೈಡಿನಲ್ಲಿ ಉತ್ತರ ಇರಬಾರದು, ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರಬೇಕು. ಈ ಟೀಮ್ ಹಾಕಿದ್ದು ಎಚ್‌ಸಿ-ಎಸ್‌ಆರ್04 ಅನ್ನುವ ಅಲ್ಟ್ರಾಸಾನಿಕ್ ಸೆನ್ಸರ್. "ಸಂಪ್ ತುಂಬಿ ನೀರು ಸೆನ್ಸರ್ ಹತ್ತಿರಕ್ಕೇ ಬಂದರೆ ರೀಡಿಂಗ್ ಏನಾಗುತ್ತೆ?" ಅಂತ ಕೇಳಿ. ಅದು 2 ಸೆಂಟಿಮೀಟರ್‌ಗಿಂತ ಹತ್ತಿರ ಇರುವುದನ್ನು ಅಳೆಯಲಾರದು, ಏನೇನೋ ಸಂಖ್ಯೆ ಕೊಡುತ್ತದೆ. ಕೈಯಾರೆ ಕೂರಿಸಿದವಳು "ಅದಕ್ಕೇ ಸರ್, ಮುಚ್ಚಳದಿಂದ ಮೇಲೆತ್ತಿ ಕೂರಿಸಿದ್ವಿ" ಅಂತ ಥಟ್ಟನೆ ಹೇಳುತ್ತಾಳೆ. ಮಾತುಗಾರ "ಸೆನ್ಸರ್ ತುಂಬಾ ಆಕ್ಯುರೇಟ್ ಸರ್" ಅನ್ನುತ್ತಾನೆ. ಕನ್ನಡದಲ್ಲಿ ಉತ್ತರಿಸಿದರೂ ಪೂರ್ತಿ ಮಾರ್ಕ್ಸ್ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮತ್ತೆ ಇಂಗ್ಲಿಷಿಗೇ ಮಾರ್ಕ್ಸ್ ಕೊಟ್ಟಂತೆ.

ಕೆಲವರು `git shortlog -sn` ನೋಡಿ ಕಮಿಟ್ ಎಣಿಸುತ್ತಾರೆ. ಸುಮ್ನೆ ಒಂದು ಅಂದಾಜಿಗೆ ಸರಿ. ಆದರೆ ನಾಲ್ವರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಕೆಲಸ ಮಾಡಿದರೆ ಎಲ್ಲ ಕಮಿಟ್ ಲ್ಯಾಪ್‌ಟಾಪಿನವನ ಹೆಸರಿಗೇ ಹೋಗುತ್ತದೆ. ಸೆನ್ಸರ್‌ಗೆ ವೈರ್ ಹಾಕಿದವಳ ಕೆಲಸ ಅಲ್ಲಿ ಕಾಣುವುದೇ ಇಲ್ಲ.

ನಿಜವಾದ ತಲೆನೋವು ಗುಂಪುಗಾರಿಕೆ. ಮೂವರು ಹಾಸ್ಟೆಲ್ಲಿನವರು, ಒಬ್ಬ ಹೊಸಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುವವನು. ಕೆಲಸವೆಲ್ಲ ರಾತ್ರಿ ಹಾಸ್ಟೆಲ್ ರೂಮಿನಲ್ಲಿ. ಮೂವರೂ ಮಾತಾಡಿಕೊಂಡು ಅವನಿಗೆ ನಾಲ್ಕು ನಾಲ್ಕು, ತಮ್ಮೊಳಗೆ 13-13 ಹಾಕಿದರೆ ಅವನ ಮೊತ್ತ 12, ಫ್ಯಾಕ್ಟರ್ 0.4. 40ರ ಬದಲು 28. ಅವನು ಪಾಪ ಎಲ್ಲರಿಗೂ ಹತ್ತತ್ತು ಕೊಟ್ಟಿದ್ದರೆ ಆ ಮೂವರಿಗೂ ಆರಾಮಾಗಿ 44.

ಇದನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಪ್ರಾಮಾಣಿಕವಾಗಿ ಕೊಟ್ಟ ಅಂಕಗಳು ಮೇಲಿನ ಟೀಮಿನಲ್ಲಿದ್ದಂತೆ 6, 7, 8 ಅಂತ ಸ್ವಲ್ಪ ಹಿಂದೆಮುಂದೆ ಇರುತ್ತವೆ. ಮೂರೂ ಫಾರ್ಮ್ ಅಚ್ಚೊತ್ತಿದ ಹಾಗಿದ್ದರೆ ಅನುಮಾನ ಪಡಿ. ಪ್ರತಿ ಅಂಕದ ಪಕ್ಕ ಒಂದು ಸಾಲು ಕಾರಣ ಬರೆಸಿ. ನಿಜವಾದ ಕಾರಣದಲ್ಲಿ ಒಂದು ಘಟನೆ ಇರುತ್ತದೆ: "ಟೆಸ್ಟಿಂಗ್ ಮಾಡ್ತೀನಿ ಅಂದಿದ್ದ, ಎರಡು ಸಲವೂ ಬರಲಿಲ್ಲ, ನಾನೇ ಮಾಡಿದೆ." ಮಾತಾಡಿಕೊಂಡು ಬರೆದದ್ದು "ಕೋಆಪರೇಶನ್ ಇಲ್ಲ" ಅನ್ನುವಷ್ಟಕ್ಕೇ ನಿಲ್ಲುತ್ತದೆ. ಇದರ ಮೇಲೆ ಹೊಸಕೋಟೆ ಹುಡುಗ ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೆ ನಾನು ಆ ಟೀಮಿನ ಫ್ಯಾಕ್ಟರ್ ಎತ್ತಿಹಾಕಿ ಎಲ್ಲರಿಗೂ 1 ಮಾಡುತ್ತೇನೆ. ಮೂವರ 44 ಕೂಡ 40 ಆಗುತ್ತದೆ. ದೂರು ಬಂದರೆ ನಾಲ್ವರನ್ನೂ ಸ್ಟಾಫ್ ರೂಮಿಗೆ ಕರೆದು, ಫಾರ್ಮಿನಲ್ಲಿ ಬರೆದದ್ದನ್ನು ಒಂದು ಘಟನೆ ಸಮೇತ ವಿವರಿಸಿ ಅಂತ ಕೇಳುತ್ತೇನೆ. ಆದರೆ ಯಾರು ಎಷ್ಟು ಕೊಟ್ಟರು ಅನ್ನುವ ಶೀಟನ್ನು ಮಾತ್ರ ಯಾರಿಗೂ ತೋರಿಸಬೇಡಿ. ಮುಂದಿನ ಸಲ ಎಲ್ಲರೂ ಹತ್ತತ್ತು ಹಾಕಿ ಕೂತುಬಿಡುತ್ತಾರೆ.