21 ದಿನದ ಮುಂಜಾನೆ ಬರಹ: ಮೆಸೇಜ್ ಹಿಂದಿನ ರಾತ್ರಿಯೇ ಹೋಗಲಿ

ಪ್ರಶ್ನೆ: ವಿಜಯಪುರದಲ್ಲಿ ನಾವು ಐದು ಜನ ಗೆಳತಿಯರು 21 ದಿನ ಮುಂಜಾನೆ ಬರೆಯಬೇಕು ಅಂತ ಮಾಡಿದ್ದೇವೆ. ದಿನಾ ಗುಂಪಿಗೆ ಏನಂತ ಮೆಸೇಜ್ ಹಾಕಲಿ? ಕೊನೆಗೆ ಏನು ನೋಡಬೇಕು?

ಮೆಸೇಜನ್ನು ಮುಂಜಾನೆ ಹಾಕಬೇಡಿ, ಹಿಂದಿನ ರಾತ್ರಿ ಒಂಬತ್ತಕ್ಕೆ ಹಾಕಿ. ಮುಂಜಾನೆ ಅದನ್ನು ನೋಡಲು ಮೊಬೈಲ್ ಹಿಡಿದರೆ ಬೇರೆ ಹತ್ತು ಮೆಸೇಜ್ ಕಾಣುತ್ತವೆ, ಬರೆಯುವ ಹೊತ್ತು ಅಲ್ಲೇ ಹೋಗುತ್ತದೆ. ರಾತ್ರಿಯೇ ಓದಿ, ಆ ಸಾಲನ್ನು ವಹಿಯಲ್ಲಿ ಬರೆದಿಟ್ಟು ಮಲಗಲಿ. ಬಾಗಲಕೋಟೆಯ ನಮ್ಮ ಗುಂಪಿನಲ್ಲಿ ಹೀಗೇ ಮಾಡುತ್ತೇವೆ.

‘ಆರು ಗಂಟೆಗೆ’ ಅಂತಲೂ ಬರೆಯಬೇಡಿ. ಏಳುವುದು ತಡವಾದರೆ ಅವತ್ತಿನದು ಬಿಟ್ಟೇ ಬಿಡುತ್ತಾರೆ. ಎಷ್ಟೊತ್ತಿಗೆ ಎದ್ದರೂ ಚಹಾ ಇದ್ದೇ ಇರುತ್ತದೆ, ಅಲ್ವಾ? ಅದರ ಬೆನ್ನಿಗೆ ಬರಹ ಕಟ್ಟಿ. 1ನೇ ದಿನದ್ದು:

“ನಾಳೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಕೂಡಲೇ ವಹಿ ತೆಗೆಯಿರಿ. ಹತ್ತು ನಿಮಿಷ. ಮೊದಲ ಸಾಲು: ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು… ಮುಗಿದ ಮೇಲೆ ‘ಆಯ್ತು’ ಅಂತ ಹಾಕಿ. ಬರೆದದ್ದನ್ನು ಕಳಿಸಬೇಡಿ.”

ಆ ಕೊನೆಯ ಮಾತನ್ನು ಬಿಡಬೇಡಿ. ತೋರಿಸಬೇಕು ಅಂದರೆ ಜನ ಚಂದ ಬರೆಯಲು ಹೋಗಿ ನಿಂತುಬಿಡುತ್ತಾರೆ.

7ರವರೆಗೆ ಸಾಲಷ್ಟೇ ಬದಲಿಸಿ: “ಈಗ ಕೇಳಿಸುತ್ತಿರುವ ಸದ್ದು…”, “ನನಗೆ ರೊಟ್ಟಿ ಬಡಿಯಲು ಕಲಿಸಿದವರು…”, “ಗೋಳಗುಮ್ಮಟಕ್ಕೆ ಮೊದಲ ಸಲ ಹೋದಾಗ…”, “ಕಾರಹುಣ್ಣಿಮೆ ದಿನ ನಮ್ಮ ಮನೆಯಲ್ಲಿ…”, “ನಿನ್ನೆ ಸಂತೆಯಲ್ಲಿ…”, “ಅವ್ವನಿಗೆ ಇನ್ನೂ ಹೇಳದ ಮಾತು…”.

8ರಿಂದ 14ಕ್ಕೆ ಪೂರ್ತಿ ಸಾಲು ಬೇಡ: “ಚಹಾ ಆದ ಮೇಲೆ ಹದಿನೈದು ನಿಮಿಷ. ನಾಳೆಯ ಪದ: ಬಾಗಿಲು.” ಆಮೇಲೆ ಉಪ್ಪು, ಸೈಕಲ್, ಅಜ್ಜಿಯ ಪೆಟ್ಟಿಗೆ, ಬಸ್ ಸ್ಟ್ಯಾಂಡ್, ಬಿಸಿಲು, ಪತ್ರ. 15ರಿಂದ 18ಕ್ಕೆ: “ನಾಳೆ ಏನು ಬರೆಯುತ್ತೀರಿ? ಈಗಲೇ ಒಂದು ಸಾಲು ವಹಿಯಲ್ಲಿ ಹಾಕಿಡಿ.” 18ನೇ ದಿನದ್ದಕ್ಕೆ “ಇದೇ ಕೊನೆಯ ಮೆಸೇಜ್” ಅಂತ ಸೇರಿಸಿ. ಉಳಿದ ಮೂರು ದಿನ ಸುಮ್ನಿರಿ. ನಿಮ್ಮ ಮೆಸೇಜ್ ಇಲ್ಲದೆ ಬರೀ ಚಹಾ ನೆನಪು ಮಾಡುತ್ತದೆಯೇ ಅಂತ ಆಗಲೇ ಗೊತ್ತಾಗುವುದು.

ತಪ್ಪಿಸಿದವರಿಗೆ ಗುಂಪಿನಲ್ಲಿ ಕೇಳದೆ ಬೇರೆಯಾಗಿ ಹಾಕಿ: “ನಿನ್ನೆಯದನ್ನು ತುಂಬಿಸಬೇಡಿ. ನಾಳೆ ಮೂರು ಸಾಲು ಸಾಕು.”

22ನೇ ದಿನ ಎಲ್ಲರೂ ಕ್ಯಾಲೆಂಡರ್ ಹಿಡಿದು ಕೂಡಿರಿ. ತಪ್ಪಿದ ದಿನಕ್ಕೆ ಗುರುತು ಹಾಕಿ, ಅವತ್ತು ಮುಂಜಾನೆ ಮನೆಯಲ್ಲಿ ಏನು ನಡೆದಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ನಮ್ಮಲ್ಲಿ ಒಬ್ಬ ಅಕ್ಕ ತನಗೆ ಆಲಸ್ಯ ಅಂತಲೇ ತಿಳಿದಿದ್ದರು. ಗುರುತು ಹಾಕಿದಾಗ ತಪ್ಪಿದ್ದೆಲ್ಲ ನಳ ಬರುವ ದಿನಗಳು. ಅವತ್ತು ನೀರು ತುಂಬುವ ಗಡಿಬಿಡಿಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದರು. ಆ ದಿನಗಳಲ್ಲಿ ಕೊನೆಯ ಕೊಡ ಇಳಿಸಿದ ಮೇಲೆ ಬರೆಯುವುದು ಅಂತ ಮಾಡಿಕೊಂಡರು, ಈಗ ನಡೆದಿದೆ. ಇನ್ನು 3, 10, 17ನೇ ದಿನದ ಹಾಳೆ ಓದಿ, ಮುಂದುವರಿಸಬೇಕು ಅನ್ನಿಸಿದ ಒಂದು ಸಾಲಿಗೆ ಗೆರೆ ಎಳೆಯಿರಿ.

21ಕ್ಕೆ ಅಭ್ಯಾಸ ಗಟ್ಟಿಯಾಗುತ್ತದೆ ಅಂತ ಮಾತ್ರ ಹೇಳಬೇಡಿ. ಲಂಡನ್ನಿನ ಸಂಶೋಧಕಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ, ಅಭ್ಯಾಸ ಗಟ್ಟಿಯಾಗಲು ಹಿಡಿದ ದಿನಗಳ ನಡುವಿನ ಅಂಕಿ 66 ಬಂತು. ಒಂದು ದಿನ ತಪ್ಪಿದ್ದರಿಂದ ಅಂಥ ಧಕ್ಕೆಯೂ ಆಗಲಿಲ್ಲ. ಹಾಗಾಗಿ ಆ ಕೊನೆಯ ಮೂರು ದಿನ ತಪ್ಪಿಸಿದವರಿಗೆ ಗೆರೆ ಎಳೆದ ಸಾಲನ್ನೇ ಕೊಟ್ಟು, 15ನೇ ದಿನದ ಮೆಸೇಜಿನಿಂದ ಮತ್ತೆ ಶುರು ಮಾಡಿ.