ಕಾಣೆಯಾದ ಎರಡು ಅಂಕ

ಪ್ರಶ್ನೆ: ಪದವಿ ಮುಗಿದಿದೆ, ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ತರಬೇತಿ ಕ್ರೀಡಾ ವರದಿಗಾರನ ಹುದ್ದೆಗೆ ಅರ್ಜಿ ಹಾಕಬೇಕು. ಬರೆದದ್ದೆಲ್ಲ ಶಾಲಾ ಪಂದ್ಯಗಳ ವರದಿ. ಕವರ್ ಲೆಟರ್‌ನಲ್ಲಿ ಅವನ್ನು ‘ಸ್ಥಳೀಯ ಟೂರ್ನಿಗಳು’ ಎಂದರೆ ತೂಕ ಬರುತ್ತದೆಯೇ?

ಹಾಗೆ ಬರೆಯಬೇಡಿ. ನಾನು ಬರೆದು ಕೆಟ್ಟಿದ್ದೇನೆ.

ನನ್ನ ಮೊದಲ ಪತ್ರ ಅನಿಲ್ ಕುಂಬ್ಳೆಯಿಂದ ಶುರುವಾಗುತ್ತಿತ್ತು. ಅವರ ಮನೆತನದ ಮೂಲ ನಮ್ಮ ಕುಂಬಳೆ. 1999ರಲ್ಲಿ ದೆಹಲಿಯಲ್ಲಿ ಅವರು ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದಕ್ಕೂ ನನ್ನ ಕೆಲಸಕ್ಕೂ ಏನು ಸಂಬಂಧವೋ, ಇಂದಿಗೂ ತಿಳಿಯದು. ಅದರ ಕೆಳಗೆ ‘ಅಂಕಿಅಂಶಗಳಲ್ಲಿ ನಿಖರತೆ ನನ್ನ ಶಕ್ತಿ’ ಎಂಬ ಸಾಲು. ಪುರಾವೆಯಾಗಿ ಉಪಜಿಲ್ಲಾ ಕಬಡ್ಡಿ ಫೈನಲ್‌ನ ವರದಿಯನ್ನು ಲಗತ್ತಿಸಿದ್ದೆ.

ಸಂದರ್ಶನದಲ್ಲಿ ಹಿರಿಯ ಉಪಸಂಪಾದಕರೊಬ್ಬರು ಅದನ್ನು ಓದಿ, ಪೆನ್ನು ತೆಗೆದು ಅಂಚಿನಲ್ಲಿ ಕೂಡಿಸತೊಡಗಿದರು. ವರದಿಯ ಪ್ರಕಾರ ನಮ್ಮ ಶಾಲೆ 27-25ರಿಂದ ಗೆದ್ದಿತ್ತು. ಬೋನಸ್ ಸೇರಿ ರೈಡಿಂಗ್‌ನಲ್ಲಿ 14, ಟ್ಯಾಕಲ್‌ನಲ್ಲಿ 9, ಎದುರಾಳಿಗಳನ್ನು ಒಮ್ಮೆ ಆಲೌಟ್ ಮಾಡಿದ್ದಕ್ಕೆ 2 ಎಂದು ನಾನೇ ವಿವರ ಕೊಟ್ಟಿದ್ದೆ. ಒಟ್ಟು 25.

“ಹಾಗಾದರೆ ಪಂದ್ಯ ಸಮವಾಯಿತಲ್ಲ! ಗೆದ್ದವರು ಯಾರು?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಮರಳುವಾಗ ಹೊಳೆಯಿತು. ನಾವು ಎರಡು ಸಲ ಆಲೌಟ್ ಮಾಡಿದ್ದೆವು. ಎರಡನೆಯದು ಕೊನೆಯ ನಿಮಿಷಗಳಲ್ಲಿ. ಆಗ ನಾನು ನೋಟ್ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಕಣದ ಅಂಚಿನಲ್ಲಿ ನಿಂತು ಕೂಗುತ್ತಿದ್ದೆ. ಕಡೆಯ ಅಂಕವನ್ನು ಫಲಕ ನೋಡಿ ಬರೆದುಕೊಂಡೆ, ಒಳಗಿನ ವಿವರವನ್ನು ನೆನಪಿನಿಂದ ತುಂಬಿದೆ. ಫಲಕವೂ ಸರಿ, ನೆನಪೂ ಮುಕ್ಕಾಲು ಪಾಲು ಸರಿ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೂಡಿಸಲಿಲ್ಲ, ಅಷ್ಟೇ. ಅದೇ ವರದಿಯಲ್ಲಿ ಎರಡು ಕಡೆ ‘ನಮ್ಮ ಹುಡುಗರು’ ಎಂದಿದ್ದೆ. ಅದನ್ನು ಆಗಲೇ ಗಮನಿಸಿದ್ದರೆ ತಪ್ಪು ಎಲ್ಲಿಂದ ಬಂತೆಂದು ತಿಳಿಯುತ್ತಿತ್ತು. ಕೂಗುವವನ ಕೈಯಲ್ಲಿ ಪೆನ್ನು ಓಡುವುದಿಲ್ಲ. ಕೆಲಸ ಸಿಗಲಿಲ್ಲ.

ಇನ್ನು ನಿಮ್ಮ ‘ತೂಕ’ದ ಮಾತು. ಶಾಲಾ ಪಂದ್ಯ ಹಗುರವೆಂಬ ಎಣಿಕೆಯೇ ತಪ್ಪು. ದೊಡ್ಡ ಟೂರ್ನಿಯಲ್ಲಿ ಅಂಕಪಟ್ಟಿ, ಆಟಗಾರರ ಹೆಸರು ಎಲ್ಲವೂ ಸಿದ್ಧವಾಗಿ ಕೈಗೆ ಬರುತ್ತವೆ. ಶಾಲಾ ಮೈದಾನದಲ್ಲಿ ಸ್ಕೋರರ್ ಮೇಜಿನ ಪಕ್ಕ ಕುಳಿತು, ಪಂದ್ಯ ಮುಗಿದ ಮೇಲೆ ಸಹಿಯಾದ ಸ್ಕೋರ್ ಶೀಟಿನ ಫೋಟೊ ತೆಗೆದು ಹೊಂದಿಸಿಕೊಳ್ಳಬೇಕು. ನಮ್ಮಲ್ಲಂತೂ ತೀರ್ಪುಗಾರರೊಡನೆ ಮಲಯಾಳ, ತರಬೇತುದಾರರೊಡನೆ ತುಳು, ವರದಿ ಕನ್ನಡದಲ್ಲಿ. ಇಂಗ್ಲಿಷ್ ಪಟ್ಟಿಯಲ್ಲಿ Athira ಎಂದಿರುತ್ತದೆ. ದೂರದ ಡೆಸ್ಕಿನವರು ‘ಅಥಿರಾ’ ಎಂದು ಅಚ್ಚು ಹಾಕುತ್ತಾರೆ, ಹುಡುಗಿ ‘ಆತಿರ’. ಕೇರಳದ ಬರವಣಿಗೆಯಲ್ಲಿ th ಎಂದರೆ ಹೆಚ್ಚಾಗಿ ತಕಾರ ಎಂಬುದು ನಿಮಗೆ ಹುಟ್ಟಿನಿಂದಲೇ ಗೊತ್ತು. ಪತ್ರದಲ್ಲಿ ಇದನ್ನು ಬಿಟ್ಟು ‘ಬಾಲ್ಯದಿಂದಲೂ ಕ್ರೀಡಾಸಕ್ತಿ’ ಎಂದು ಬರೆದರೆ ನಿಮ್ಮಷ್ಟು ದಡ್ಡರಿಲ್ಲ.

ಮರುವರ್ಷ ಬೇರೊಂದು ಪತ್ರಿಕೆಗೆ ಹೀಗೆ ಬರೆದೆ:

‘ಎರಡು ವರ್ಷಗಳಲ್ಲಿ 22 ಶಾಲಾ ಪಂದ್ಯಗಳ ವರದಿ ಬರೆದಿದ್ದೇನೆ. ಮೂರನ್ನು ಲಗತ್ತಿಸಿದ್ದೇನೆ, ಒಂದರಲ್ಲಿ ನಾನು ಓದಿದ ಶಾಲೆ ಸೋತಿದೆ. ಕಬಡ್ಡಿ ಫೈನಲ್ ಸಂಜೆ 5ಕ್ಕೆ ಮುಗಿಯಿತು, 180 ಪದಗಳ ವರದಿಯನ್ನು 6 ಗಂಟೆಗೆ ಮುಗಿಸಿದೆ. ಜೊತೆಗೆ ಸ್ಕೋರ್ ಶೀಟಿನ ಫೋಟೊ ಇದೆ. ಹಿಂದೊಮ್ಮೆ ಒಂದು ಆಲೌಟ್ ಬರೆಯದೆ ಬಿಟ್ಟು ಅಂಕದ ಲೆಕ್ಕ ತಪ್ಪಿಸಿದ್ದೆ. ಅಂದಿನಿಂದ ಕೂಡಿಸಿ ನೋಡದೆ ವರದಿ ಕಳುಹಿಸಿಲ್ಲ. ಹೆಸರುಗಳನ್ನು ಆಟಗಾರರ ಬಾಯಿಂದಲೇ ಕೇಳಿ ಬರೆದಿದ್ದೇನೆ.’

ಇಷ್ಟೇ. ತಪ್ಪನ್ನು ಬರೆಯಬಾರದೆಂದು ಗೆಳೆಯರೆಲ್ಲ ಹೇಳಿದರು. ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಆದರೆ ತಿದ್ದಿಕೊಂಡ ಬಗೆಯನ್ನು ಹೇಳದೆ ಬರೀ ತಪ್ಪನ್ನೊಪ್ಪಿಕೊಂಡರೆ ಅದು ಗೋಳಾಗುತ್ತದೆ. ವರದಿಗಳನ್ನು ಆರಿಸುವಾಗ ಬೇರೆ ಬೇರೆ ಆಟದವನ್ನು ಇಡಿ, ಹಳೆಯದನ್ನು ಈಗ ಕುಳಿತು ಚಂದಗೊಳಿಸಬೇಡಿ. ಸ್ಕೋರ್ ಶೀಟಿನೊಡನೆ ತಾಳೆಯಾಗದ ವರದಿ ಎಷ್ಟು ಸೊಗಸಾಗಿದ್ದರೂ ಬಿಡಿ.

ಕರೆ ಬಂತು. ಲಿಖಿತ ಪರೀಕ್ಷೆಯಲ್ಲಿ ವಾಲಿಬಾಲ್ ವರದಿಯೊಂದನ್ನು ಕೊಟ್ಟು 80 ಪದಗಳಿಗೆ ಇಳಿಸಲು ಹೇಳಿದರು. ಸೆಟ್‌ಗಳು 25-21, 22-25, 25-24, 25-19. ನಾನು ಪದ ಎಣಿಸುವ ಮೊದಲು ಮೂರನೇ ಸೆಟ್‌ಗೆ ಸುತ್ತು ಹಾಕಿ, ‘ಎರಡು ಅಂಕಗಳ ಅಂತರವಿಲ್ಲದೆ ಸೆಟ್ ಮುಗಿಯದು, ಸ್ಕೋರ್ ಶೀಟ್ ನೋಡಬೇಕು’ ಎಂದು ಪಕ್ಕದಲ್ಲಿ ಬರೆದೆ.