ಹನ್ನೆರಡನೇ ತಾರೀಖಿನ ಪುಟ

*“ಎಂಟನೇ ತರಗತಿಯ ಹುಡುಗಿಯೊಬ್ಬಳು ಜುಲೈ ಪೂರ್ತಿ ಮನೆಯಲ್ಲೇ ಮಳೆ ಅಳೆದು ಪ್ರಾಜೆಕ್ಟ್ ಮಾಡಿ ತಂದಿದ್ದಾಳೆ. ನೋಡಿ ತುಂಬಾ ಖುಷಿಯಾಯಿತು. ಆದರೆ ಪೆನ್ನು ಹಿಡಿದರೆ ‘ವೆರಿ ಗುಡ್, ಕೀಪ್ ಇಟ್ ಅಪ್’ ಬಿಟ್ಟು ಬೇರೇನೂ ಬರುತ್ತಿಲ್ಲ. ಪುಟಗಳ ಜೆರಾಕ್ಸ್ ಕಳಿಸಿದ್ದೇನೆ. ಅವಳಿಗೆ ಹುರುಪೂ ಬರಬೇಕು, ಉಪಯೋಗವೂ ಆಗಬೇಕು. ಏನು ಬರೆಯಲಿ?”*
— ವಿಜ್ಞಾನ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ಪ್ರಿಯ ಮೇಡಂ,

ಜೆರಾಕ್ಸ್ ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ನನ್ನ ಕಣ್ಣೂ ಮುಖಪುಟದ ಮೇಲೇ ನಿಂತಿತ್ತು. ಬಣ್ಣದ ಕಾಗದ, ಮಿಂಚಿನ ಪುಡಿ, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ ಮುಳ್ಳಯ್ಯನಗಿರಿ. ಅದರ ಬಗ್ಗೆ ಒಂದು ಮಾತೂ ಬರೆಯಬೇಡಿ. ನೀವು ಯಾವುದನ್ನು ಮೆಚ್ಚುತ್ತೀರೋ ಮುಂದಿನ ವರ್ಷ ಇಡೀ ಕ್ಲಾಸು ಅದನ್ನೇ ಮಾಡಿಕೊಂಡು ಬರುತ್ತೆ. ಮುಖಪುಟ ಹೊಗಳಿದರೆ ಅಪ್ಪಂದಿರ ಜೇಬಿನಿಂದ ಇನ್ನಷ್ಟು ದುಡ್ಡು ಹೋಗುತ್ತದೆ, ಅಷ್ಟೇ.

ಇನ್ನು ಒಳಗಿನ ಪುಟಗಳು. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ಆಲಿಕೆಯ ಹಾಗೆ ಬೋರಲು ಇಟ್ಟಿದ್ದಾಳೆ. ಇದನ್ನು ಎಲ್ಲ ಮಕ್ಕಳೂ ಮಾಡುತ್ತಾರೆ, ಪುಸ್ತಕದಲ್ಲೇ ಇರುತ್ತದೆ. ಆದರೆ ಆ ಬಾಟಲಿಯ ತಳ ಉಬ್ಬುತಗ್ಗು. ಅಲ್ಲಿಂದ ಸ್ಕೇಲ್ ಹಚ್ಚಿ ಅಳೆದರೆ ಮೊದಲ ಕೆಲವು ಮಿಲಿಮೀಟರ್ ತಪ್ಪೇ. ಇವಳು ತಳಕ್ಕೆ ಬೆಣಚುಕಲ್ಲು ಹಾಕಿ, ಕಲ್ಲು ಮುಳುಗಿ ಬಾಟಲಿಯ ಗೋಡೆ ನೇರವಾಗುವ ತನಕ ನೀರು ತುಂಬಿ, ಅಲ್ಲಿ ಟೇಪ್ ಅಂಟಿಸಿ ‘0’ ಎಂದು ಬರೆದಿದ್ದಾಳೆ. ದಿನಾ ಅಳೆದ ಮೇಲೆ ನೀರನ್ನು ಮತ್ತೆ ಆ ಗೆರೆಗೇ ತಂದು ನಿಲ್ಲಿಸಿದ್ದಾಳೆ. ಕಲ್ಲೇನಾದರೂ ಗೆರೆಗಿಂತ ಮೇಲೆ ಎದ್ದಿದ್ದರೆ ಅದು ನೀರಿನ ಜಾಗ ಹಿಡಿದು ಅಳತೆ ಜಾಸ್ತಿ ತೋರಿಸುತ್ತಿತ್ತು. ಅದನ್ನು ಯೋಚಿಸಿಯೇ ಮಾಡಿದ್ದಾಳೆ ಅಂತ ಅವಳ ಚಿತ್ರ ನೋಡಿದರೆ ಗೊತ್ತಾಗುತ್ತದೆ.

ಬೆಳಿಗ್ಗೆ ಎಂಟೂವರೆಗೇ ನೋಡಿದ್ದಾಳೆ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕುವ ಹೊತ್ತೂ ಅದೇ. ಮಳೆ ಬಾರದ ದಿನ ಜಾಗ ಖಾಲಿ ಬಿಡದೆ ‘0’ ಹಾಕಿದ್ದಾಳೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಇವಳು ನೋಡಲಿಲ್ಲವೋ ಅಂತ ಓದುವವರಿಗೆ ತಿಳಿಯೋದಿಲ್ಲ, ಅಲ್ವಾ?

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹನ್ನೆರಡನೇ ತಾರೀಖಿನ ಪುಟ. ಅವಳ ಬಾಟಲಿಯಲ್ಲಿ 41 ಮಿ.ಮೀ. ಪಕ್ಕದ ಎಸ್ಟೇಟಿನ ರೈಟರ್ ಪುಸ್ತಕದಲ್ಲಿ 1 ಇಂಚು 92 ಸೆಂಟು. ನಮ್ಮ ತೋಟಗಳಲ್ಲಿ ಮಳೆ ಇಂದಿಗೂ ಇಂಚು, ಸೆಂಟಿನ ಲೆಕ್ಕ ತಾನೇ. ಅವಳು 1.92ನ್ನು 25.4ರಿಂದ ಗುಣಿಸಿ 48.8 ಮಿ.ಮೀ. ಎಂದು ಪಕ್ಕದಲ್ಲಿ ಬರೆದಿದ್ದಾಳೆ. ಹತ್ತಿರ ಹತ್ತಿರ 8 ಮಿ.ಮೀ. ಕಡಿಮೆ. 41ರ ಮೇಲೆ ಒಂದು ಗೆರೆ ಎಳೆಯಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ಕೆಳಗೆ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಾಳೆ: “ಇರಲಿ, ನಾನು ನೋಡಿದ್ದು ಇದೇ.”

ಮೇಡಂ, ಆ ಅರ್ಧ ಗೆರೆ ಇಡೀ ಪ್ರಾಜೆಕ್ಟಿನ ಜೀವ. ಎಸ್ಟೇಟಿನ ಅಂಕಿಯನ್ನೇ ಸುಮ್ನೆ ಕಾಪಿ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಹಿಂದಿನ ಪುಟಗಳಿಗೆ ಹೋಗಿ ಇನ್ನೂ ಮೂರು ದಿನ ಹೋಲಿಸಿದ್ದಾಳೆ. ಮೂರೂ ದಿನ ಇವಳದ್ದೇ ಕಡಿಮೆ. ಒಂದು ದಿನ ಮಾತ್ರ ಕಡಿಮೆ ಬಂದಿದ್ದರೆ, ಅತ್ತ ಜೋರು ಇತ್ತ ನಿಧಾನ ಅಂತ ಬಿಡಬಹುದಿತ್ತು. ಮಲೆನಾಡಿನ ಮಳೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಬೇರೆಯೇ. ಆದರೆ ಯಾವಾಗಲೂ ಒಂದೇ ಕಡೆಗೆ ತಪ್ಪುತ್ತಿದೆ ಅಂದರೆ ಬಾಟಲಿ ಇಟ್ಟ ಜಾಗವನ್ನು ಅನುಮಾನಿಸಬೇಕು. ಅವಳದನ್ನು ಸಿಲ್ವರ್ ಓಕ್ ಮರದ ಪಕ್ಕ ಇಟ್ಟಿದ್ದಳು. 13ರಂದು ಕಾಫಿ ಒಣಗಿಸುವ ಕಣದ ನಡುವೆ ತಂದಿಟ್ಟಳು. ಮರುದಿನ ಅವಳದು 36, ಎಸ್ಟೇಟಿನದು 1 ಇಂಚು 44 ಸೆಂಟು, ಅಂದರೆ 36.6. ಆಮೇಲಿನ ದಿನಗಳಲ್ಲಿ ಒಮ್ಮೆ ಇವಳದು ಚೂರು ಹೆಚ್ಚು, ಒಮ್ಮೆ ಅವರದು ಹೆಚ್ಚು. ಸಣ್ಣ ವ್ಯತ್ಯಾಸ ಎರಡೂ ಕಡೆಗೆ ಹೋಗುತ್ತಿದೆ ಅಂದರೆ ಜಾಗ ಸರಿಹೋಗಿದೆ ಅಂತಲೇ ಲೆಕ್ಕ. ಹಳೆಯ ಅಂಕಿಗಳನ್ನು ಮಾತ್ರ ತಿದ್ದಿಲ್ಲ. ‘ಮರದ ಹತ್ತಿರ ಇದ್ದಾಗ’ ಎಂದು ಪಕ್ಕದಲ್ಲಿ ಬರೆದು ಬಿಟ್ಟಿದ್ದಾಳೆ.

ಒಂದು ಕಡೆ ಎಡವಿದ್ದಾಳೆ, ಅದನ್ನೂ ಹೇಳಬೇಕು. 20ರಂದು ಅಜ್ಜಿ ಮನೆಗೆ ಹೋಗಿದ್ದಳಂತೆ. 21ರ ಬೆಳಿಗ್ಗೆ ನೋಡಿದಾಗ ಎರಡು ದಿನದ್ದೂ ಸೇರಿ 64 ಇತ್ತು. ಅದನ್ನು 32, 32 ಎಂದು ಪಾಲು ಮಾಡಿ ಎರಡು ದಿನದ ಜಾಗಕ್ಕೂ ತುಂಬಿದ್ದಾಳೆ. 12ರಂದು ತಾನು ನೋಡಿದ್ದನ್ನೇ ಉಳಿಸಿಕೊಂಡವಳು ಇಲ್ಲಿ ನೋಡದೇ ಇದ್ದದ್ದನ್ನು ಬರೆದಿದ್ದಾಳೆ. ತಪ್ಪು ಎಂದು ಕೆಂಪು ಇಂಕಿನಲ್ಲಿ ಸುತ್ತು ಹಾಕಬೇಡಿ. ಒಂದು ಪ್ರಶ್ನೆ ಕೇಳಿ ಸಾಕು, ಅವಳೇ ಹಿಡಿಯುತ್ತಾಳೆ.

‘ನೀನು ತುಂಬಾ ಜಾಣೆ’ ಎಂದೂ ಬರೆಯಬೇಡಿ. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಜಾಣರು ಎನಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಆಮೇಲೆ ತಮಗೆ ಸಲೀಸಾಗಿ ಬರುವ ಲೆಕ್ಕಗಳನ್ನೇ ಆರಿಸಿಕೊಂಡರು. ಒಮ್ಮೆ ಸೋತ ಮೇಲೆ ಬೇಗ ಕುಗ್ಗಿದರು. ಕಾರಣ ಕಷ್ಟವೇನಲ್ಲ. ಜಾಣೆ ಅನಿಸಿಕೊಂಡವಳಿಗೆ 41 ಎಂಬ ತಪ್ಪು ಅಂಕಿ ಅವಮಾನದ ಹಾಗೆ ಕಾಣುತ್ತೆ, ಅದನ್ನು ಉಳಿಸಿಕೊಳ್ಳಲು ಮನಸ್ಸು ಬರೋದಿಲ್ಲ. ಹಾಗಂತ ಬರೀ ‘ಕಷ್ಟಪಟ್ಟಿದ್ದೀಯ’ ಅಂದರೂ ಅವಳಿಗೆ ದಾರಿ ಸಿಗೋದಿಲ್ಲ. ಯಾವ ಕಡೆ, ಏನು ಮಾಡಿದಳು ಎಂದು ಬೆರಳಿಟ್ಟು ತೋರಿಸಬೇಕು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಮಾತುಗಳನ್ನು ನಿಮ್ಮ ಬಾಯಿಗೆ ಹೊಂದುವ ಹಾಗೆ ಬದಲಾಯಿಸಿಕೊಳ್ಳಿ:

“12ನೇ ತಾರೀಖು ನಿನ್ನ ಅಂಕಿ ಎಸ್ಟೇಟಿನ ಅಂಕಿಗೆ ಹೊಂದಲಿಲ್ಲ. ಆದರೂ 41ನ್ನು ಹೊಡೆದುಹಾಕಲಿಲ್ಲ. ಹಿಂದಿನ ಮೂರು ದಿನ ನೋಡಿದೆ, ಮರದ ಮೇಲೆ ಅನುಮಾನ ಪಟ್ಟೆ, ಬಾಟಲಿಯನ್ನು ಕಣಕ್ಕೆ ತಂದು ಮತ್ತೆ ಹೋಲಿಸಿದೆ. ಈ ಎರಡು ಪುಟ ಓದುವಾಗ ನನಗೂ ನಿನ್ನ ಜೊತೆ ಬಾಟಲಿ ನೋಡುತ್ತಿದ್ದ ಹಾಗೆ ಆಯಿತು. ಕಲ್ಲು ಮುಳುಗಿಸಿ 0 ಗೆರೆ ಹಾಕಿದ್ದೂ ಸರಿಯಾಗಿದೆ. ಒಂದು ಪ್ರಶ್ನೆ: 20 ಮತ್ತು 21ರಂದು ಮಳೆ ಸಮ ಸಮ ಬಿತ್ತು ಅಂತ ನಿನಗೆ ಹೇಗೆ ಗೊತ್ತಾಯಿತು? ಗೊತ್ತಿಲ್ಲದಿದ್ದರೆ ಆ 64ನ್ನು ಹೇಗೆ ಬರೆಯಬಹುದು?”

ಇದನ್ನು ಕೊನೆಯ ಪುಟದಲ್ಲಿ ಬರೆಯದೆ 13ನೇ ತಾರೀಖಿನ ಪುಟದ ಕೆಳಗೇ ಬರೆಯಿರಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ನನ್ನ ಪ್ರಬಂಧದ ಒಂದು ಸಾಲಿನ ಪಕ್ಕ “ಇದನ್ನು ನೀನೇ ನೋಡಿ ಬರೆದಿದ್ದೀಯ” ಎಂದು ಬರೆದಿದ್ದರು. ಅದು ಯಾವ ಸಾಲು ಅಂತ ಇವತ್ತಿಗೂ ನೆನಪಿದೆ. ಎಷ್ಟು ಅಂಕ ಬಂದಿತ್ತೋ ನೆನಪಿಲ್ಲ.

ಅಂಕದ ವಿಷಯಕ್ಕೆ ಬಂದರೆ, ಎಫ್‌ಎ ಅಂಕವನ್ನು ಇದೇ ಪುಟದಲ್ಲಿ ಹಾಕಬೇಡಿ. ಇಸ್ರೇಲಿನಲ್ಲಿ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಭಿಪ್ರಾಯ, ಕೆಲವರಿಗೆ ಬರೀ ಅಂಕ, ಕೆಲವರಿಗೆ ಎರಡನ್ನೂ ಕೊಟ್ಟಿದ್ದರು. ಬರೀ ಅಭಿಪ್ರಾಯ ಸಿಕ್ಕವರು ಮುಂದಿನ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿದರು. ಅಂಕವೂ ಜೊತೆಗಿದ್ದಾಗ ಅಭಿಪ್ರಾಯದಿಂದ ಆ ಲಾಭ ಸಿಗಲಿಲ್ಲ. ಅಂಕ ನೀವು ಕೊಡಲೇಬೇಕು, ಅದು ಗೊತ್ತು. ಪುಸ್ತಕ ಮೊದಲು ವಾಪಸ್ ಕೊಡಿ, ಪ್ರಶ್ನೆಯ ಕೆಳಗೆ ಉತ್ತರಕ್ಕೆ ನಾಲ್ಕು ಸಾಲು ಜಾಗ ಬಿಡಿ. ಅವಳು ಬರೆದು ತಂದ ಮೇಲೆ ಅಂಕವನ್ನು ರಿಜಿಸ್ಟರಿಗೆ ಹಾಕಿಕೊಳ್ಳಿ.

ಅವಳೂ ಮನೆಯವರೂ ಒಪ್ಪಿದರೆ 12 ಮತ್ತು 13ರ ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಜೆರಾಕ್ಸಿನಲ್ಲಿ ಪೆನ್ಸಿಲ್ ಅಕ್ಷರ ಮಸುಕಾಗಿದೆ, ಮೂಲ ಪುಸ್ತಕವನ್ನೇ ಕಳಿಸಿಕೊಡಿ. ಆ ಅರ್ಧ ಗೆರೆ ಸರಿಯಾಗಿ ಕಾಣಬೇಕು.

— ಸಂಪಾದಕ, ಚಿಕ್ಕಮಗಳೂರು